ಶೀರ್ಷಿಕೆ ಮತ್ತು ಪ್ರತಿಕ್ರಿಯೆಗಳ ಸ್ವಯಂಚಾಲಿತ ಕನ್ನಡ ಅನುವಾದ: ದೋಷ ಯಾವ ಹಂತದಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ವಿಡಿಯೊವೊಂದರ ಶೀರ್ಷಿಕೆಯೋ ಅದರ ಕೆಳಗಿನ ಪ್ರತಿಕ್ರಿಯೆಯೋ ಯಂತ್ರದಿಂದ ಕನ್ನಡಕ್ಕೆ ಬಂದು ವಿಚಿತ್ರವಾಗಿ ಕಂಡಾಗ ‘ಅನುವಾದ ಸರಿಯಿಲ್ಲ’ ಎಂದಷ್ಟೇ ದೂರು ಬರೆದರೆ ಅದನ್ನು ಓದಿದವರಿಗೆ ಏನನ್ನು ತಿದ್ದಬೇಕೆಂದು ತಿಳಿಯುವುದಿಲ್ಲ. ಮೂಲ ಪಠ್ಯವು ಕನ್ನಡವಾಗಿ ಪರದೆಗೆ ಬರುವ ಮೊದಲು ಹಲವು ಹಂತಗಳನ್ನು ದಾಟುತ್ತದೆ. ಪ್ರತಿಯೊಂದು ಹಂತದ ದೋಷಕ್ಕೂ ಅದರದೇ ಗುರುತು ಇರುತ್ತದೆ, ಮತ್ತು ಒಂದು ಹಂತದ ದೋಷಕ್ಕೆ ಇನ್ನೊಂದು ಹಂತದ ಪರಿಹಾರವನ್ನು ಹುಡುಕಿದರೆ ಪ್ರಯೋಜನವಾಗುವುದಿಲ್ಲ. ಸ್ವಂತ ಚಾನೆಲ್ ನಡೆಸುವವರು, ಕನ್ನಡ ಅನುವಾದಗಳನ್ನು ಪರಿಶೀಲಿಸುವವರು ಮತ್ತು ಇಂತಹ ವ್ಯವಸ್ಥೆಗಳನ್ನು ಕಟ್ಟುವವರು ದೋಷದ ನೆಲೆಯನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಪಠ್ಯ ಹಾದುಬರುವ ದಾರಿ

ಮೊದಲು ಪಠ್ಯ ಯಾವ ಭಾಷೆಯಲ್ಲಿದೆ ಎಂಬುದನ್ನು ಒಂದು ಸಣ್ಣ ಮಾದರಿ, ಎಂದರೆ ಅಪಾರ ಪಠ್ಯಗಳಿಂದ ಕಲಿತ ಗಣಕ ವ್ಯವಸ್ಥೆ, ಊಹಿಸುತ್ತದೆ. ಇದನ್ನು ಭಾಷಾ ಪತ್ತೆ ಎನ್ನುತ್ತಾರೆ. ಅನಂತರ ಪಠ್ಯವನ್ನು ವಾಕ್ಯಗಳಾಗಿ ಒಡೆದು, ಬಳಕೆದಾರರ ಹೆಸರು, ಲಿಂಕ್, ಎಮೋಜಿಗಳನ್ನು ಪಕ್ಕಕ್ಕೆ ಎತ್ತಿಟ್ಟು, ಉಳಿದ ಪದಗಳನ್ನು ಟೋಕನ್ ಎಂಬ ತುಣುಕುಗಳಾಗಿ ಮಾಡಲಾಗುತ್ತದೆ. ಈ ತುಣುಕುಗಳನ್ನು ಪಡೆದ ಅನುವಾದ ಮಾದರಿಯು ಕನ್ನಡದ ತುಣುಕುಗಳನ್ನು ಒಂದರ ಬಳಿಕ ಒಂದರಂತೆ ಹೊರಡಿಸುತ್ತದೆ. ಎತ್ತಿಟ್ಟ ಹೆಸರು, ಲಿಂಕ್‌ಗಳನ್ನು ಮರಳಿ ಜೋಡಿಸಿದ ಮೇಲೆ ಫಲಿತಾಂಶವನ್ನು ಸಂಗ್ರಹದಲ್ಲಿ ಇಟ್ಟುಕೊಂಡು, ಕನ್ನಡವನ್ನು ಆಯ್ದ ಓದುಗರಿಗೆಲ್ಲ ಅದನ್ನೇ ತೋರಿಸಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಶೀರ್ಷಿಕೆಯನ್ನು ಅನುವಾದಿಸುವ ಮಾದರಿಗೆ ಸಾಮಾನ್ಯವಾಗಿ ಆ ಒಂದು ಸಾಲು ಮಾತ್ರ ಸಿಗುತ್ತದೆ. ವಿಡಿಯೊದಲ್ಲಿ ಏನಿದೆ, ಪ್ರತಿಕ್ರಿಯೆ ಯಾವ ಮಾತಿಗೆ ಉತ್ತರವಾಗಿ ಬಂದಿದೆ, ಬರೆದವರು ಯಾರನ್ನು ಉದ್ದೇಶಿಸಿದ್ದಾರೆ ಎಂಬುದು ಅದಕ್ಕೆ ಕಾಣುವುದಿಲ್ಲ. ಮುಂದೆ ಹೇಳುವ ದೋಷಗಳಲ್ಲಿ ಕೆಲವು ಹುಟ್ಟುವುದು ಇದರಿಂದಲೇ.

ದೋಷಗಳ ಸ್ವರೂಪವೂ ಕಾಲಕ್ರಮದಲ್ಲಿ ಬದಲಾಗಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್ ತಿಂಗಳಲ್ಲಿ. ಆಗಿನದು ಪದಗುಚ್ಛಗಳ ಅಂಕಿಅಂಶವನ್ನು ಆಧರಿಸಿದ ವ್ಯವಸ್ಥೆಯಾಗಿದ್ದುದರಿಂದ ತಪ್ಪಾದಾಗ ವಾಕ್ಯವೇ ಚೆಲ್ಲಾಪಿಲ್ಲಿಯಾಗುತ್ತಿತ್ತು, ಓದುಗರಿಗೆ ತಪ್ಪು ಕೂಡಲೇ ತಿಳಿಯುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಕನ್ನಡಕ್ಕೂ ನರಜಾಲ ಆಧಾರಿತ ಮಾದರಿ ಬಂದ ಮೇಲೆ ವಾಕ್ಯಗಳು ಸರಾಗವಾದವು, ಆದರೆ ಸರಾಗವಾದ ವಾಕ್ಯದ ಒಳಗೇ ಅರ್ಥ ತಪ್ಪುವುದು ಸಾಧ್ಯವಾಯಿತು. ಆದ್ದರಿಂದ ಇಂದಿನ ಅನುವಾದವನ್ನು ಪರಿಶೀಲಿಸುವಾಗ ವಾಕ್ಯ ಓದಿಸಿಕೊಂಡು ಹೋಗುತ್ತದೆ ಎಂಬ ಕಾರಣಕ್ಕೆ ಅದನ್ನು ಸರಿಯೆಂದು ಒಪ್ಪಬಾರದು. ಮೂಲದೊಂದಿಗೆ ಹೋಲಿಸಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಮೊದಲು ಇದು ಅನುವಾದದ ದೋಷವೇ ಎಂದು ಖಚಿತಪಡಿಸಿಕೊಳ್ಳಿ

‘ಮೂಲವನ್ನು ತೋರಿಸು’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ ಮೂಲ ಪಠ್ಯವನ್ನು ಯಥಾವತ್ತಾಗಿ, ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಸಮೇತ ನಕಲು ಮಾಡಿಕೊಳ್ಳಿ. ಆ ಆಯ್ಕೆ ಇಲ್ಲದಿದ್ದಲ್ಲಿ ಆ ತಾಣದ ಭಾಷೆಯನ್ನು ಮೂಲ ಪಠ್ಯದ ಭಾಷೆಗೆ ಬದಲಿಸಿ ನೋಡಿ. ಮೂಲ ಕೈಯಲ್ಲಿಲ್ಲದೆ ಮಾಡುವ ಪರೀಕ್ಷೆಗಳೆಲ್ಲ ಊಹೆಯಾಗಿಯೇ ಉಳಿಯುತ್ತವೆ.

ಶೀರ್ಷಿಕೆಯ ಕೊನೆಯಲ್ಲಿ � ಎಂಬ ಚಿಹ್ನೆ ಕಂಡರೆ, ಅಥವಾ ಕೊನೆಯ ಪದವು ಒತ್ತಕ್ಷರ ಕಳೆದುಕೊಂಡು ಅರ್ಧಾಕ್ಷರದಲ್ಲಿ ನಿಂತಿದ್ದರೆ ಅದು ಅನುವಾದದ ದೋಷವಲ್ಲ. ಪಠ್ಯವನ್ನು ಉದ್ದದ ಮಿತಿಗೆ ಕತ್ತರಿಸುವಾಗ ಆದ ದೋಷ ಅದು. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ಒಂದು ಪದವನ್ನು ಗಣಕ ಹೇಗೆ ಎಣಿಸುತ್ತದೆ ಎಂಬುದನ್ನು ಹೀಗೆ ನೋಡಬಹುದು:

```python
t = "ಕ್ಷಮೆ"
print(len(t), len(t.encode("utf-8")))
# 5 15
```

ಯುನಿಕೋಡ್‌ನಲ್ಲಿ ಈ ಪದ ಐದು ಸಂಕೇತಗಳಾಗಿ ಉಳಿಯುತ್ತದೆ, ಮತ್ತು ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುತ್ತದೆ. ಬೈಟ್‌ಗಳನ್ನು ಎಣಿಸಿ ನಡುವೆ ಕತ್ತರಿಸಿದರೆ � ಬರುತ್ತದೆ, ಸಂಕೇತಗಳನ್ನು ಎಣಿಸಿ ಕತ್ತರಿಸಿದರೆ ‘ಕ್ಷ’ ಇದ್ದಲ್ಲಿ ‘ಕ್’ ಉಳಿಯುತ್ತದೆ. ಇಂತಹ ಪ್ರಕರಣಗಳನ್ನು ಅನುವಾದದ ತಂಡಕ್ಕೆ ಕಳುಹಿಸದೆ, ಅಕ್ಷರದ ಗಡಿಯಲ್ಲಿ ಮಾತ್ರ ಕತ್ತರಿಸುವಂತೆ ತಾಣದ ತಂತ್ರಜ್ಞರಿಗೆ ತಿಳಿಸಬೇಕು.

ಇನ್ನೊಂದು ಸಾಧ್ಯತೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಮೂಲ ಶೀರ್ಷಿಕೆಯನ್ನು ಲೇಖಕರು ಬದಲಿಸಿದ್ದರೂ ಸಂಗ್ರಹದಲ್ಲಿ ಹಳೆಯ ಶೀರ್ಷಿಕೆಯ ಅನುವಾದವೇ ಉಳಿದಿರಬಹುದು. ಮೂಲದಲ್ಲಿ ಇಲ್ಲದ ಸಂಖ್ಯೆಯೋ ಹೆಸರೋ ಅನುವಾದದಲ್ಲಿ ಕಂಡರೆ ಇದನ್ನು ಮೊದಲು ಅನುಮಾನಿಸಿ.

ಭಾಷಾ ಪತ್ತೆಯ ದೋಷ

ಕನ್ನಡಿಗರು ಬರೆಯುವ ಪ್ರತಿಕ್ರಿಯೆಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ ಹಂತ, ಏಕೆಂದರೆ ಮೊಬೈಲ್‌ನಲ್ಲಿ ಬರೆಯುವ ಕನ್ನಡದ ದೊಡ್ಡ ಪಾಲು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಈ ಉದಾಹರಣೆಯನ್ನು ನೋಡಿ:

```
sir nim video nodi capacitor change madide, fan ega speed agi tirgutte
```

ಕನ್ನಡ ಬಲ್ಲವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೆ ಭಾಷಾ ಪತ್ತೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ, ಫಾಸ್ಟ್‌ಟೆಕ್ಸ್ಟ್ ಎಂಬ ತಂತ್ರಾಂಶದ `lid.176.bin` ಮಾದರಿಯು ಕನ್ನಡವನ್ನು ಕಲಿತಿರುವುದು ವಿಕಿಪೀಡಿಯದಂತಹ ಮೂಲಗಳಿಂದ, ಎಂದರೆ ಕನ್ನಡ ಲಿಪಿಯಿಂದ. ಇಂಗ್ಲಿಷ್ ಅಕ್ಷರಗಳಲ್ಲಿ ಬಂದ ಕನ್ನಡ ಅದರ ಪಾಲಿಗೆ ಕನ್ನಡವೇ ಅಲ್ಲ. ಈ ಸಾಲಿನಲ್ಲಿ ಸರ್, ವಿಡಿಯೊ, ಕೆಪಾಸಿಟರ್, ಫ್ಯಾನ್, ಸ್ಪೀಡ್ ಎಂಬ ಇಂಗ್ಲಿಷ್ ಪದಗಳೂ ಇರುವುದರಿಂದ ಇದಕ್ಕೆ ಇಂಗ್ಲಿಷ್ ಎಂಬ ಗುರುತು ಬೀಳುವ ಸಂಭವ ಹೆಚ್ಚು. ಅನುವಾದ ಮಾದರಿಯು ಆಗ ಇದನ್ನು ಇಂಗ್ಲಿಷ್ ಎಂದೇ ನಂಬಿ ಕನ್ನಡಕ್ಕೆ ತರಲು ಯತ್ನಿಸುತ್ತದೆ, ತನಗೆ ತಿಳಿಯದ ಪದಗಳನ್ನು ವ್ಯಕ್ತಿಗಳ ಹೆಸರೆಂದು ಭಾವಿಸಿ ಕನ್ನಡ ಅಕ್ಷರಗಳಲ್ಲಿ ಇಳಿಸುತ್ತದೆ. ಪರದೆಯ ಮೇಲೆ ‘ನಿಮ್’, ‘ಮಡೈಡ್’, ‘ತಿರ್ಗುಟ್ಟೆ’ ಎಂಬಂತಹ, ಯಾವ ನಿಘಂಟಿನಲ್ಲೂ ಇಲ್ಲದ ಪದಗಳು ಸಾಲಾಗಿ ಕಂಡರೆ ಅದೇ ಈ ದೋಷದ ಗುರುತು.

ಖಚಿತಪಡಿಸಿಕೊಳ್ಳಲು ಒಂದೇ ವಾಕ್ಯವನ್ನು ಎರಡು ಲಿಪಿಗಳಲ್ಲಿ ಕೊಟ್ಟು ಗುರುತುಗಳನ್ನು ಹೋಲಿಸಿ:

```python
import fasttext
m = fasttext.load_model("lid.176.bin")
print(m.predict("nim video nodi capacitor change madide", k=3))
print(m.predict("ನಿಮ್ ವಿಡಿಯೊ ನೋಡಿ ಕೆಪಾಸಿಟರ್ ಚೇಂಜ್ ಮಾಡಿದೆ", k=3))
```

ಎರಡನೆಯ ಸಾಲಿಗೆ ಕನ್ನಡದ ಗುರುತಾದ `__label__kn` ಬಂದು ಮೊದಲನೆಯದಕ್ಕೆ ಬೇರೇನೋ ಬಂದರೆ ದೋಷ ಅನುವಾದ ಮಾದರಿಯದಲ್ಲ, ಅದಕ್ಕೂ ಹಿಂದಿನದು. ಅನುವಾದ ಮಾದರಿಯನ್ನು ಎಷ್ಟು ಉತ್ತಮಪಡಿಸಿದರೂ ಇದು ಸರಿಹೋಗುವುದಿಲ್ಲ. ವ್ಯವಸ್ಥೆಯನ್ನು ಕಟ್ಟುವವರಿಗೆ ಇರುವ ದಾರಿಯೆಂದರೆ ಇಂಗ್ಲಿಷ್ ಅಕ್ಷರಗಳ ಭಾರತೀಯ ಭಾಷೆಗಳನ್ನೂ ಗುರುತಿಸುವಂತೆ ತರಬೇತಿಗೊಂಡ ಮಾದರಿಯನ್ನು ಬಳಸುವುದು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಎಲ್‌ಐಡಿ ಇದಕ್ಕೆಂದೇ ಇರುವಂಥದ್ದು. ಅಲ್ಲಿಯೂ ಮೂರು ನಾಲ್ಕು ಪದಗಳ ಪ್ರತಿಕ್ರಿಯೆಯಲ್ಲಿ ಕನ್ನಡವೋ ತೆಲುಗೋ ಎಂದು ತೀರ್ಮಾನಿಸುವುದು ಕಷ್ಟ, ಏಕೆಂದರೆ ಆಧರಿಸಲು ಇರುವ ಅಕ್ಷರಗಳೇ ಕಡಿಮೆ. ಮಾದರಿಗೆ ಖಚಿತತೆ ಕಡಿಮೆಯಿದ್ದಾಗ ಅನುವಾದಿಸದೆ ಮೂಲವನ್ನೇ ತೋರಿಸುವುದು ಓದುಗರಿಗೆ ಹೆಚ್ಚು ಉಪಕಾರವೆಂದು ನಾನು ದೃಢವಾಗಿ ನಂಬುತ್ತೇನೆ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಓದಬಲ್ಲ ಓದುಗನಿಗೆ ಅದರ ವಿಕೃತ ರೂಪವನ್ನು ಕೊಡುವುದರಿಂದ ಇದ್ದ ಅರ್ಥವೂ ಕೈತಪ್ಪುತ್ತದೆ.

ಶೀರ್ಷಿಕೆಯ ದೋಷ: ಒಂದು ಪ್ರಕರಣದ ಪೂರ್ಣ ಪರಿಶೀಲನೆ

ಮೂಲ ಇಂಗ್ಲಿಷ್‌ನದು, ಗುರುತೂ ಸರಿಯಾಗಿ ಬಿದ್ದಿದೆ, ಆದರೂ ಕನ್ನಡ ವಿಚಿತ್ರವಾಗಿದೆ ಎಂದಾದರೆ ಮುಂದಿನ ಹಂತಕ್ಕೆ ಬರಬೇಕು. ಸೀಲಿಂಗ್ ಫ್ಯಾನ್ ರಿಪೇರಿಯ ವಿಡಿಯೊ ಒಂದರ ಶೀರ್ಷಿಕೆ ಹೀಗಿದೆ ಎಂದು ಇಟ್ಟುಕೊಳ್ಳೋಣ:

```
Fan Running Slow After Rewinding - Easy Fix
```

ಇಂತಹ ಶೀರ್ಷಿಕೆಗಳು ಕನ್ನಡದಲ್ಲಿ ಬರುವ ಬಗೆ ಹೀಗಿರುತ್ತದೆ:

```
ನಿಧಾನವಾಗಿ ಓಡುತ್ತಿರುವ ಅಭಿಮಾನಿ ರಿವೈಂಡ್ ಮಾಡಿದ ನಂತರ - ಸುಲಭ ಸರಿಪಡಿಸಿ
```

ಈ ಸಾಲಿನಲ್ಲಿ ಮೂರು ಬೇರೆ ಬೇರೆ ದೋಷಗಳಿವೆ, ಅವುಗಳನ್ನು ಬಿಡಿಸಿಕೊಂಡು ನೋಡಬೇಕು. ಮೊದಲನೆಯದು ಪದದ ಅರ್ಥದ ಆಯ್ಕೆ. ಫ್ಯಾನ್ ಎಂಬುದು ಗಾಳಿಯ ಯಂತ್ರವೂ ಹೌದು, ನಟನ ಅಭಿಮಾನಿಯೂ ಹೌದು. ಸುತ್ತಲಿನ ಪದಗಳನ್ನು ನೋಡಿ ಮಾದರಿ ಒಂದನ್ನು ಆರಿಸಬೇಕು, ಆದರೆ ಇಲ್ಲಿ ಸೀಲಿಂಗ್ ಎಂಬ ಪದವಾಗಲಿ, ಮೋಟಾರ್ ಎಂಬ ಪದವಾಗಲಿ ಇಲ್ಲ. ಓಡುವುದು ಯಂತ್ರಕ್ಕೂ ಮನುಷ್ಯನಿಗೂ ಒಪ್ಪುವ ಕ್ರಿಯೆಯಾದ್ದರಿಂದ ಅದು ನೆರವಿಗೆ ಬರುವ ಬದಲು ತಪ್ಪು ಆಯ್ಕೆಯನ್ನೇ ಬಲಪಡಿಸುತ್ತದೆ. ಎರಡನೆಯದು ವಾಕ್ಯದ ಕಟ್ಟು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಪೂರ್ಣ ಕ್ರಿಯಾಪದವಿಲ್ಲ. ಕನ್ನಡದಲ್ಲಿ ಕಾಲವನ್ನು ಹೇಳುವ ಭಾಗ ಮೊದಲು ಬಂದು ಕ್ರಿಯಾಪದ ಕೊನೆಗೆ ನಿಲ್ಲಬೇಕು, ಆದರೆ ನಿಲ್ಲಿಸಲು ಕ್ರಿಯಾಪದವೇ ಸಿಗದಿದ್ದಾಗ ಮಾದರಿ ಇಂಗ್ಲಿಷಿನ ಕ್ರಮವನ್ನೇ ಉಳಿಸಿಕೊಳ್ಳುತ್ತದೆ, ‘ನಂತರ’ ಎಂಬುದು ಏನಕ್ಕೂ ಅಂಟದೆ ತೂಗಾಡುತ್ತದೆ. ಮೂರನೆಯದು ಪದದ ವರ್ಗ. ಕೊನೆಯ ಪದವು ಇಂಗ್ಲಿಷ್‌ನಲ್ಲಿ ನಾಮಪದವೂ ಆಗಬಹುದು, ಕ್ರಿಯಾಪದವೂ ಆಗಬಹುದು. ಇಂಗ್ಲಿಷ್‌ನಲ್ಲಿ ಎರಡರ ರೂಪವೂ ಒಂದೇ, ಕನ್ನಡದಲ್ಲಿ ‘ಪರಿಹಾರ’ವೇ ಬೇರೆ, ‘ಸರಿಪಡಿಸಿ’ಯೇ ಬೇರೆ.

ಇವುಗಳಲ್ಲಿ ಯಾವುದು ಸಂದರ್ಭದ ಕೊರತೆಯಿಂದ ಬಂತು, ಯಾವುದು ಮಾದರಿಯ ಜ್ಞಾನದ ಕೊರತೆಯಿಂದ ಬಂತು ಎಂದು ತಿಳಿಯಲು ಮೂಲವನ್ನು ಒಂದು ಸಲಕ್ಕೆ ಒಂದೇ ಕಡೆ ಬದಲಿಸಿ ಅದೇ ವ್ಯವಸ್ಥೆಗೆ ಮತ್ತೆ ಕೊಡಬೇಕು. ಮೊದಲು ಎಲ್ಲ ಪದಗಳನ್ನೂ ಸಣ್ಣ ಅಕ್ಷರಕ್ಕೆ ತನ್ನಿ. ದೊಡ್ಡ ಅಕ್ಷರದಿಂದ ಶುರುವಾಗುವ ಪದವನ್ನು ಮಾದರಿ ಹೆಸರೆಂದು ಎಣಿಸುವುದುಂಟು, ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆದ ಪದವಂತೂ ಪರಿಚಿತ ತುಣುಕುಗಳಾಗಿ ಒಡೆಯದೆ ಅಪರಿಚಿತ ಚೂರುಗಳಾಗಬಹುದು. ಬಳಿಕ ಸಣ್ಣ ಅಕ್ಷರದ ಅದೇ ಸಾಲಿನ ಆರಂಭಕ್ಕೆ ಸೀಲಿಂಗ್ ಎಂಬ ಒಂದು ಪದವನ್ನು ಮಾತ್ರ ಸೇರಿಸಿ ನೋಡಿ. ಕೊನೆಗೆ ಶೀರ್ಷಿಕೆಯನ್ನು ಪೂರ್ಣ ವಾಕ್ಯಗಳಾಗಿ ಮಾಡಿ:

```
fan running slow after rewinding - easy fix
ceiling fan running slow after rewinding - easy fix
The ceiling fan runs slowly after the motor was rewound. Here is an easy solution.
```

ಎರಡನೆಯ ಸಾಲಿನಲ್ಲಿಯೇ ‘ಅಭಿಮಾನಿ’ ಹೋಗಿ ‘ಫ್ಯಾನ್’ ಬಂದರೆ ಮಾದರಿಗೆ ಆ ಅರ್ಥ ಗೊತ್ತಿತ್ತು, ಆರಿಸಲು ಆಧಾರ ಇರಲಿಲ್ಲ ಎಂದು ತಿಳಿಯಬೇಕು. ಮೂರನೆಯ ಸಾಲಿನಲ್ಲಿ ಮಾತ್ರ ಪದಗಳ ಕ್ರಮ ಸರಿಹೋದರೆ ಎರಡನೆಯ ದೋಷದ ಮೂಲ ಕ್ರಿಯಾಪದವಿಲ್ಲದ ಶೀರ್ಷಿಕೆಯ ಶೈಲಿ. ಮೂರರಲ್ಲಿಯೂ ‘ರಿವೈಂಡ್’ ಎಂಬುದು ‘ಹಿಂದಕ್ಕೆ ಸುತ್ತುವುದು’ ಎಂಬ ಅರ್ಥದಲ್ಲಿಯೇ ಉಳಿದರೆ ಮಾದರಿಗೆ ಈ ಕೆಲಸದ ಕನ್ನಡ ತಿಳಿದಿಲ್ಲ. ಮೋಟಾರಿನ ತಂತಿಯನ್ನು ಹೊಸದಾಗಿ ಸುತ್ತಿಸುವುದಕ್ಕೆ ಮೋಟಾರ್ ಅಂಗಡಿಗಳಲ್ಲಿ ‘ವೈಂಡಿಂಗ್ ಮಾಡಿಸುವುದು’ ಎನ್ನುತ್ತಾರೆ, ಆದರೆ ಆ ಮಾತು ತರಬೇತಿಯ ಪಠ್ಯಗಳಲ್ಲಿ ಅಚ್ಚಾಗಿರುವುದು ಅಪರೂಪ. ಸಂದರ್ಭದ ದೋಷವನ್ನು ಶೀರ್ಷಿಕೆ ಬರೆಯುವವರೇ ಸರಿಪಡಿಸಬಹುದು, ಜ್ಞಾನದ ಕೊರತೆಯನ್ನು ಅವರು ಸರಿಪಡಿಸಲಾರರು. ಅಂತಹ ಕಡೆ ಕೈಯಿಂದ ಬರೆದ ಕನ್ನಡ ಶೀರ್ಷಿಕೆಯನ್ನು ಸೇರಿಸುವುದೊಂದೇ ದಾರಿ. ಯೂಟ್ಯೂಬ್‌ನಲ್ಲಿ ಪ್ರತಿ ಭಾಷೆಗೂ ಬೇರೆ ಶೀರ್ಷಿಕೆ ಮತ್ತು ವಿವರಣೆ ಕೊಡಲು ಅವಕಾಶವಿದೆ. ‘ವೈಂಡಿಂಗ್ ಮಾಡಿಸಿದ ಮೇಲೆ ಫ್ಯಾನ್ ನಿಧಾನವಾಗಿ ತಿರುಗುತ್ತಿದೆಯೇ? ಇಲ್ಲಿದೆ ಸುಲಭ ಪರಿಹಾರ’ ಎಂದು ಬರೆದರೆ ಯಾವ ಗೊಂದಲವೂ ಇರುವುದಿಲ್ಲ.

ಈ ಪರೀಕ್ಷೆಯ ಬದಲು ಹಲವರು ಕನ್ನಡ ಫಲಿತಾಂಶವನ್ನು ಅದೇ ಯಂತ್ರದಿಂದ ಇಂಗ್ಲಿಷ್‌ಗೆ ಮರಳಿ ತಂದು, ಮೂಲಕ್ಕೆ ಹತ್ತಿರವಾಗಿದ್ದರೆ ಅನುವಾದ ಸರಿ ಎಂದು ನಿರ್ಧರಿಸುತ್ತಾರೆ. ಇದನ್ನು ನಂಬಬೇಡಿ. ‘ಸುಲಭ ಸರಿಪಡಿಸಿ’ ಎಂಬ ಮುರಿದ ಕನ್ನಡವನ್ನು ಮರಳಿ ಕೊಟ್ಟರೆ ಸರಿಯಾದ ಇಂಗ್ಲಿಷೇ ಬರುವ ಸಂಭವವಿದೆ, ಏಕೆಂದರೆ ಕನ್ನಡದಲ್ಲಿ ಬೇರೆಯಾಗಿದ್ದ ಎರಡು ರೂಪಗಳು ಇಂಗ್ಲಿಷ್‌ನಲ್ಲಿ ಮತ್ತೆ ಒಂದೇ ಆಗುತ್ತವೆ. ಪರೀಕ್ಷಿಸಬೇಕಾಗಿದ್ದ ದೋಷವನ್ನೇ ಈ ವಿಧಾನ ಮುಚ್ಚಿಬಿಡುತ್ತದೆ.

ಇಂಗ್ಲಿಷ್ ಮೂಲಕ ಸುತ್ತಿ ಬಂದ ಅನುವಾದ

ಮೂಲ ತಮಿಳು, ತೆಲುಗು ಅಥವಾ ಹಿಂದಿಯದಾಗಿದ್ದು ಕನ್ನಡ ಮಾತ್ರ ಅನ್ಯವಾಗಿ ಕಾಣುವುದು ಮತ್ತೊಂದು ಬಗೆ. ತಮಿಳಿನ ‘ಅಣ್ಣಾ’ ಕನ್ನಡದಲ್ಲಿ ‘ಅಣ್ಣ’ ಆಗಲು ಯಾವ ಅಡ್ಡಿಯೂ ಇಲ್ಲ, ಆದರೂ ಪರದೆಯ ಮೇಲೆ ‘ಸಹೋದರ’ ಎಂದು ಬರುತ್ತದೆ. ಅನುವಾದ ಎರಡು ಹೆಜ್ಜೆಗಳಲ್ಲಿ ನಡೆದು ನಡುವೆ ಇಂಗ್ಲಿಷ್ ಇದ್ದರೆ ಹೀಗಾಗುತ್ತದೆ. ಅಣ್ಣ ತಮ್ಮಂದಿರಿಬ್ಬರಿಗೂ ಇಂಗ್ಲಿಷ್‌ನಲ್ಲಿ ಒಂದೇ ಪದ ಸಾಕಾಗುವುದರಿಂದ ಮೊದಲ ಹೆಜ್ಜೆಯಲ್ಲಿಯೇ ಹಿರಿತನ ಕಳೆದುಹೋಗುತ್ತದೆ, ಎರಡನೆಯ ಹೆಜ್ಜೆಗೆ ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಇದನ್ನು ಪತ್ತೆ ಹಚ್ಚಲು ಮೂಲ ಭಾಷೆ ಮತ್ತು ಕನ್ನಡ ಎರಡರಲ್ಲೂ ಬೇರೆಯಾಗಿದ್ದು ಇಂಗ್ಲಿಷ್‌ನಲ್ಲಿ ಒಂದೇ ಆಗಿರುವ ಜೋಡಿಗಳನ್ನು ಬಳಸಬೇಕು. ತಮಿಳಿನಲ್ಲಿ ‘ಅಣ್ಣನ್ ವಂದಾನ್’, ‘ತಂಬಿ ವಂದಾನ್’ ಎಂಬ ಎರಡು ವಾಕ್ಯಗಳನ್ನು ತಮಿಳು ಲಿಪಿಯಲ್ಲಿ ಕೊಡಿ. ಹಿಂದಿಯಲ್ಲಾದರೆ ಒಂದೇ ವಾಕ್ಯವನ್ನು ‘ತುಮ್’ ಮತ್ತು ‘ಆಪ್’ ಇಟ್ಟು ಎರಡು ಸಲ ಕೊಡಿ. ಎರಡಕ್ಕೂ ಒಂದೇ ಕನ್ನಡ ಬಂದರೆ ನಡುವೆ ಇಂಗ್ಲಿಷ್ ಕೆಲಸ ಮಾಡಿದೆ ಎಂದು ಅನುಮಾನಿಸಲು ಸಾಕಷ್ಟು ಆಧಾರವಿದೆ. ನೇರವಾಗಿ ಅನುವಾದಿಸುವ ಮಾದರಿಯಲ್ಲೂ ತರಬೇತಿಯ ಜೋಡಿಗಳಲ್ಲಿ ಒಂದು ಬದಿ ಹೆಚ್ಚಾಗಿ ಇಂಗ್ಲಿಷೇ ಆಗಿದ್ದರೆ ಇದೇ ಲಕ್ಷಣ ಕಾಣಿಸಿಕೊಳ್ಳಬಹುದು, ಆದ್ದರಿಂದ ಈ ಪರೀಕ್ಷೆ ಇಂಗ್ಲಿಷಿನ ಪ್ರಭಾವವನ್ನು ತೋರಿಸುತ್ತದೆಯೇ ಹೊರತು ಎರಡು ಹೆಜ್ಜೆಗಳಿದ್ದವು ಎಂಬುದನ್ನು ಸಾಬೀತುಪಡಿಸುವುದಿಲ್ಲ.

ಇದರ ಜೊತೆಗೆ ನೋಡಬೇಕಾದ ಇನ್ನೊಂದು ಗುರುತೆಂದರೆ ಒಂದೇ ಪ್ರತಿಕ್ರಿಯೆಯಲ್ಲಿ ಮೊದಲ ವಾಕ್ಯ ‘ನೀವು ಚೆನ್ನಾಗಿ ವಿವರಿಸಿದ್ದೀರಿ’ ಎಂದು ಬಂದು ಎರಡನೆಯದು ‘ನಿನ್ನ ಮುಂದಿನ ವಿಡಿಯೊ ಯಾವಾಗ?’ ಎಂದು ಬರುವುದು. ಪಠ್ಯವನ್ನು ವಾಕ್ಯವಾಕ್ಯವಾಗಿ ಒಡೆದು ಪ್ರತಿಯೊಂದನ್ನೂ ಸ್ವತಂತ್ರವಾಗಿ ಅನುವಾದಿಸಿದಾಗ ಒಂದರಲ್ಲಿ ಆಯ್ದ ಗೌರವದ ರೂಪ ಇನ್ನೊಂದಕ್ಕೆ ತಿಳಿಯುವುದಿಲ್ಲ. ಎರಡು ವಾಕ್ಯಗಳ ನಡುವಿನ ಪೂರ್ಣವಿರಾಮವನ್ನು ತೆಗೆದು ಅಲ್ಪವಿರಾಮ ಇಟ್ಟು ನೋಡಿ. ಗೌರವದ ರೂಪ ಎರಡೂ ಕಡೆ ಒಂದೇ ಆದರೆ ದೋಷ ವಾಕ್ಯ ಒಡೆಯುವ ಹಂತದ್ದು, ಮತ್ತು ಇಡೀ ಪ್ರತಿಕ್ರಿಯೆಯನ್ನು ಒಟ್ಟಾಗಿ ಮಾದರಿಗೆ ಕೊಡುವುದೇ ಅದಕ್ಕೆ ಪರಿಹಾರ.

ಅರ್ಥ ಸರಿಯಿದ್ದೂ ಮಾತು ಸಹಜವಾಗಿಲ್ಲದಿದ್ದರೆ

‘ಇದು ಅತ್ಯಂತ ಉಪಯುಕ್ತವಾದ ಮಾಹಿತಿಯಾಗಿದೆ’, ‘ಕೆಪಾಸಿಟರ್ ನನ್ನಿಂದ ಬದಲಾಯಿಸಲ್ಪಟ್ಟಿತು’ ಎಂಬ ವಾಕ್ಯಗಳಲ್ಲಿ ಅರ್ಥದ ತಪ್ಪಿಲ್ಲ, ಆದರೆ ಹೀಗೆ ಯಾರೂ ಪ್ರತಿಕ್ರಿಯೆ ಬರೆಯುವುದಿಲ್ಲ. ಈ ದೋಷ ಬರುವುದು ಮಾದರಿ ಓದಿದ ಪಠ್ಯದಿಂದ. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುವ ವಾಕ್ಯಗಳ ಜೋಡಿಗಳು ಸಿಗುವುದು ಸರ್ಕಾರಿ ತಾಣಗಳಲ್ಲಿ, ಸುದ್ದಿಯಲ್ಲಿ, ಬೈಬಲ್‌ನಲ್ಲಿ, ತಂತ್ರಾಂಶಗಳ ಆಯ್ಕೆಪಟ್ಟಿಗಳಲ್ಲಿ. ಪ್ರಧಾನಮಂತ್ರಿ ಕಾರ್ಯಾಲಯದ ಜಾಲತಾಣದಿಂದ ಆಯ್ದ ಪಿಎಂಇಂಡಿಯಾ ಸಂಗ್ರಹ ಅಂತಹುದೇ ಒಂದು. ಎಐ4ಭಾರತ್ 2021ರಲ್ಲಿ ಪ್ರಕಟಿಸಿದ ಸಮಾನಂತರ್ ಸಂಗ್ರಹದಲ್ಲಿ ಇಂಗ್ಲಿಷ್–ಕನ್ನಡ ಜೋಡಿಗಳು ಸುಮಾರು 40 ಲಕ್ಷ ಇದ್ದವು, ಹಿಂದಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಸಂಖ್ಯೆಗಿಂತ ಹೆಚ್ಚು ಕಾಡುವುದು ಬಗೆ. ಈ ಮೂಲಗಳಲ್ಲಿ ಫ್ಯಾನ್ ಕೆಟ್ಟದ್ದನ್ನು ಹೇಳಿಕೊಳ್ಳುವ ಹುಬ್ಬಳ್ಳಿಯ ಅಥವಾ ಮಂಡ್ಯದ ಮಾತು ಇರುವುದಿಲ್ಲ, ಇರುವುದು ಪ್ರಕಟಣೆಯ ಭಾಷೆ, ಅದೂ ಬಹುಪಾಲು ಇಂಗ್ಲಿಷ್‌ನಿಂದ ಅನುವಾದವಾದದ್ದು. ಜಾಲದಿಂದ ಯಂತ್ರವೇ ಹೆಕ್ಕಿದ ಜೋಡಿಗಳಲ್ಲಿ ಹಿಂದಿನ ಯಂತ್ರಾನುವಾದಗಳೂ ಸೇರಿಕೊಂಡಿರುತ್ತವೆ, ಅವುಗಳ ‘ಆಗಿದೆ’, ‘ಮಾಡಲ್ಪಟ್ಟಿದೆ’ಗಳನ್ನು ಹೊಸ ಮಾದರಿ ಒಳ್ಳೆಯ ಕನ್ನಡವೆಂದು ಕಲಿಯುತ್ತದೆ.

ಚಿಕ್ಕ ಉತ್ತರಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ತನಗೂ ಅದೇ ತೊಂದರೆ ಎಂದು ಯಾರೋ ಇಂಗ್ಲಿಷ್‌ನಲ್ಲಿ ಎರಡು ಪದ ಬರೆದರೆ ‘ಇಲ್ಲಿ ಅದೇ’ ಎಂದು ಕನ್ನಡವಾಗುತ್ತದೆ, ‘ನನಗೂ ಹಾಗೇ ಆಗಿದೆ’ ಎಂದಾಗುವುದಿಲ್ಲ.

ಈ ದೋಷಕ್ಕೆ ಮೂಲವನ್ನು ಬದಲಿಸಿ ಮಾಡುವ ಪರೀಕ್ಷೆ ಇಲ್ಲ. ಇತರ ಹಂತಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವುದು ಇದು. ಇಂತಹದನ್ನು ತಪ್ಪು ಅನುವಾದ ಎಂದು ವರದಿ ಮಾಡಿದರೆ ಪರಿಶೀಲಕರು ಅರ್ಥವನ್ನು ಹೋಲಿಸಿ ‘ಸರಿಯಿದೆ’ ಎಂದು ಮುಚ್ಚಿಬಿಡುವ ಸಾಧ್ಯತೆ ಇದೆ. ಆದ್ದರಿಂದ ಅರ್ಥ ಸರಿಯಿದೆ, ಮಾತಿನ ಧಾಟಿ ಸರಿಯಿಲ್ಲ ಎಂದು ಸ್ಪಷ್ಟವಾಗಿ ಬರೆದು, ಅದೇ ಮಾತನ್ನು ಕನ್ನಡಿಗರು ಹೇಳುವ ರೂಪವನ್ನೂ ಕೊಡಿ.

ವರದಿಯಲ್ಲಿ ಏನಿರಬೇಕು

ಮೂಲ ಪಠ್ಯವನ್ನು ಚಿತ್ರವಾಗಿ ಅಲ್ಲದೆ ಅಕ್ಷರಗಳಾಗಿಯೇ ಕಳುಹಿಸಿ, ಏಕೆಂದರೆ ಚಿತ್ರದಿಂದ ಅದೇ ಪಠ್ಯವನ್ನು ಮತ್ತೆ ಮಾದರಿಗೆ ಕೊಟ್ಟು ನೋಡಲು ಆಗುವುದಿಲ್ಲ. ಪರದೆಯ ಮೇಲೆ ಬಂದ ಕನ್ನಡವನ್ನೂ ಹಾಗೆಯೇ ನಕಲು ಮಾಡಿ. ವ್ಯವಸ್ಥೆಯು ಮೂಲ ಭಾಷೆ ಯಾವುದೆಂದು ತೋರಿಸಿತ್ತೋ ಅದನ್ನು, ನೋಡಿದ ದಿನಾಂಕವನ್ನು ಮತ್ತು ನೀವು ಮಾಡಿದ ಬದಲಾವಣೆಗಳಲ್ಲಿ ಯಾವುದರಿಂದ ಫಲಿತಾಂಶ ಬದಲಾಯಿತು ಎಂಬುದನ್ನು ಬರೆಯಿರಿ. ಒಂದು ವರದಿಯಲ್ಲಿ ಒಂದೇ ಹಂತದ ದೋಷ ಇರಲಿ. ಮೇಲಿನ ಫ್ಯಾನ್ ಶೀರ್ಷಿಕೆಯಂತೆ ಒಂದೇ ಸಾಲಿನಲ್ಲಿ ಹಲವು ದೋಷಗಳು ಕಂಡರೆ ಅವುಗಳನ್ನು ಬೇರೆ ಬೇರೆ ವರದಿಗಳಾಗಿ ಕಳುಹಿಸಿ, ಏಕೆಂದರೆ ಪದದ ಅರ್ಥದ ಆಯ್ಕೆಯನ್ನು ತಿದ್ದುವವರೂ ವಾಕ್ಯ ಒಡೆಯುವ ನಿಯಮವನ್ನು ತಿದ್ದುವವರೂ ಒಬ್ಬರೇ ಆಗಿರುವುದಿಲ್ಲ.